ಜೋಳದ ರೊಟ್ಟಿ ಕೇಳಿದರೆ ಚಪಾತಿ ಬರುವುದೇಕೆ?

ಚಿತ್ರ ಬಿಡಿಸಿಕೊಡುವ ಎಐ ತಂತ್ರಾಂಶವೊಂದಕ್ಕೆ ‘ಅಂಗಳದಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಿರುವ ಹೆಂಗಸು’ ಎಂದು ಕನ್ನಡದಲ್ಲಿ ಬರೆದುಕೊಡಿ. ಅದೇ ಮಾತನ್ನು ಇಂಗ್ಲಿಷಿನಲ್ಲಿ ಇನ್ನೊಮ್ಮೆ ಕೊಡಿ. ಎರಡು ಚಿತ್ರಗಳಲ್ಲೂ ಹೆಂಗಸು ಇರುತ್ತಾಳೆ, ದುಂಡನೆಯದೇನೋ ಒಂದು ತಿನಿಸೂ ಇರುತ್ತದೆ. ಆದರೆ ಅಂಗಳ ಬೇರೆ, ಸೀರೆ ಉಟ್ಟ ರೀತಿ ಬೇರೆ, ಮೈಬಣ್ಣವೂ ಬೇರೆ. ಒಂದರಲ್ಲಿ ಆಕೆ ಪಂಜಾಬಿನ ಅಡುಗೆಮನೆಯಲ್ಲಿ ಕೂತಂತೆ ಕಂಡರೆ, ಇನ್ನೊಂದರಲ್ಲಿ ಯಾವುದೋ ಪ್ರವಾಸೋದ್ಯಮದ ಜಾಹೀರಾತಿನಿಂದ ಎದ್ದು ಬಂದಂತೆ ಕಾಣುತ್ತಾಳೆ. ರೊಟ್ಟಿ ಮಾತ್ರ ಎರಡರಲ್ಲೂ ರೊಟ್ಟಿಯಾಗಿರುವುದಿಲ್ಲ.

ಕನ್ನಡ ಪಠ್ಯಪುಸ್ತಕ, ಮಕ್ಕಳ ಕಥೆ, ಯೂಟ್ಯೂಬ್ ಚಾನೆಲ್ಲು, ಮದುವೆಯ ಕರೆಯೋಲೆಗಳಿಗೆಲ್ಲ ಈಗ ಇಂಥ ಚಿತ್ರಗಳು ಬಳಕೆಯಾಗುತ್ತಿವೆ. ಚಿತ್ರ ಸರಿಬರಲಿಲ್ಲ ಎಂದಾಗ ‘ಅದಕ್ಕೆ ಕನ್ನಡ ಬರೋದಿಲ್ಲ’ ಎಂದು ಕೈಬಿಡುವವರೇ ಹೆಚ್ಚು. ಆ ಮಾತು ಅರ್ಧ ನಿಜ. ನಾವು ಬರೆದ ಕನ್ನಡ ಯಂತ್ರದೊಳಗೆ ಎಲ್ಲಿಯವರೆಗೆ ಕನ್ನಡವಾಗಿಯೇ ಉಳಿಯುತ್ತದೆ ಎಂಬುದು ತಂತ್ರಾಂಶದಿಂದ ತಂತ್ರಾಂಶಕ್ಕೆ ಬದಲಾಗುತ್ತದೆ. ಅದು ಗೊತ್ತಾದರೆ ಯಾವ ಭಾಷೆಯಲ್ಲಿ ಏನು ಬರೆಯಬೇಕು ಎಂಬುದೂ ತಾನಾಗಿ ಗೊತ್ತಾಗುತ್ತದೆ.

2022ರ ಆಗಸ್ಟಿನಲ್ಲಿ ಹೊರಬಂದ ‘ಸ್ಟೇಬಲ್ ಡಿಫ್ಯೂಷನ್’ ಅನ್ನೇ ತೆಗೆದುಕೊಳ್ಳಿ. ಮನೆಯ ಕಂಪ್ಯೂಟರಿನಲ್ಲೇ ಓಡಿಸಬಹುದಾದ ಮಾದರಿಯಾದ್ದರಿಂದ ಇಂದಿಗೂ ಅದನ್ನು ಬಳಸುವವರಿದ್ದಾರೆ. ಅದರಲ್ಲಿ ನಮ್ಮ ಬರಹವನ್ನು ಓದುವ ಭಾಗದ ಹೆಸರು ‘ಕ್ಲಿಪ್’. ಓಪನ್‌ಎಐ ಸಂಸ್ಥೆ 2021ರ ಜನವರಿಯಲ್ಲಿ ಪ್ರಕಟಿಸಿದ್ದು. ಇದು ಕಲಿತದ್ದು ಅಂತರ್ಜಾಲದಿಂದ ಎತ್ತಿಕೊಂಡ 40 ಕೋಟಿ ಚಿತ್ರಗಳಿಂದ ಮತ್ತು ಆ ಚಿತ್ರಗಳ ಜೊತೆಗಿದ್ದ ಅಡಿಬರಹಗಳಿಂದ. ಆ ಅಡಿಬರಹಗಳು ಬಹುಪಾಲು ಇಂಗ್ಲಿಷಿನವು. ಸ್ಟೇಬಲ್ ಡಿಫ್ಯೂಷನ್ ಚಿತ್ರ ಬಿಡಿಸುವುದನ್ನು ಕಲಿತ ‘ಲಯನ್’ ಎಂಬ ಭಾರೀ ಸಂಗ್ರಹದಲ್ಲಿ 500 ಕೋಟಿಗೂ ಮಿಕ್ಕಿ ಚಿತ್ರಗಳ ಕೊಂಡಿಗಳಿದ್ದವು. ಅದರಲ್ಲೂ ಮುಖ್ಯವಾಗಿ ಬಳಸಿದ್ದು ಇಂಗ್ಲಿಷ್ ಅಡಿಬರಹ ಇರುವ ಪಾಲನ್ನೇ. ಇಂಥ ಮಾದರಿಯ ಬಳಿ ನಿಘಂಟು ಇರುವುದಿಲ್ಲ. ಯಾವ ಮಾತಿನ ಜೊತೆಗೆ ಯಾವ ಚಿತ್ರ ಹೆಚ್ಚಾಗಿ ಕಂಡಿತು ಎಂಬ ರೂಢಿಯಷ್ಟೇ ಅದರ ತಿಳಿವಳಿಕೆ.

ಕ್ಲಿಪ್‌ಗೆ ಕನ್ನಡ ಕೊಟ್ಟರೆ ಏನಾಗುತ್ತದೆ? ಅದು ಬರಹವನ್ನು ಪದಗಳಾಗಿ ಓದುವುದಿಲ್ಲ, ಟೋಕನ್ ಎಂಬ ತುಂಡುಗಳಾಗಿ ಕತ್ತರಿಸಿಕೊಳ್ಳುತ್ತದೆ. ಇಂಗ್ಲಿಷಿನ ರೂಢಿಯ ಪದ ಹೆಚ್ಚಾಗಿ ಒಂದೇ ತುಂಡು. ಕನ್ನಡದಲ್ಲಿ ಹಾಗಲ್ಲ. ಯೂನಿಕೋಡಿನಲ್ಲಿ ‘ರೊಟ್ಟಿ’ ಎಂಬುದು ಆರು ಚಿಹ್ನೆಗಳ ಸಾಲು: ರ, ಒಕಾರದ ಗುರುತು, ಟ, ವಿರಾಮ, ಇನ್ನೊಂದು ಟ, ಇಕಾರದ ಗುಡಿಸು. ಒಂದೊಂದು ಚಿಹ್ನೆಯನ್ನೂ ಕಂಪ್ಯೂಟರು ಮೂರು ಬೈಟುಗಳಲ್ಲಿ ಬರೆದುಕೊಳ್ಳುತ್ತದೆ. ಸಾಲದ್ದಕ್ಕೆ, ಕ್ಲಿಪ್‌ನ ಕತ್ತರಿ ಅಕ್ಷರವನ್ನೂ ಅದರ ಸ್ವರಚಿಹ್ನೆಯನ್ನೂ ಬೇರೆ ಬೇರೆ ವರ್ಗವೆಂದು ಎಣಿಸಿ ನಡುವೆಯೇ ಕತ್ತರಿಸುತ್ತದೆ. ಕಾಗುಣಿತವೇ ಕಳಚಿಹೋದ ಮೇಲೆ ಅಲ್ಲಿ ಉಳಿಯುವುದು ಪದವಲ್ಲ, ಬೈಟುಗಳ ಪುಡಿ.

ಆ ಪುಡಿಗೂ ಒಂದು ಮಿತಿ ಇದೆ. ಆದಿ ಮತ್ತು ಅಂತ್ಯದ ಗುರುತು ಸೇರಿ 77 ತುಂಡು, ಅಂದರೆ ನಮಗೆ ದಕ್ಕುವುದು 75. ಅಲ್ಲಿಂದಾಚೆಯದು ಕತ್ತರಿಸಿಹೋಗುತ್ತದೆ. ಈಗ ಈ ವಾಕ್ಯ ನೋಡಿ: ‘ಬೆಳಗಿನ ಎಳೆಬಿಸಿಲಿನಲ್ಲಿ ಸಗಣಿ ಸಾರಿಸಿದ ಅಂಗಳದಲ್ಲಿ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಜೋಳದ ರೊಟ್ಟಿ ಬಡಿಯುತ್ತಿರುವ ಹೆಂಗಸು’. ಧಾರಾಳವಾಗಿ ಚಿಹ್ನೆಗೊಂದೇ ತುಂಡು ಎಂದು ಹಿಡಿದರೂ ‘ರೊಟ್ಟಿ’ ಎಂಬಲ್ಲಿಗೆ 75 ಮುಗಿಯುತ್ತದೆ. ಮೂರು ಬೈಟಿಗೆ ಮೂರು ತುಂಡಾದರೆ ‘ಸಗಣಿ’ಯ ಆಸುಪಾಸಿನಲ್ಲೇ ಲೆಕ್ಕ ಚುಕ್ತಾ. ಕನ್ನಡದಲ್ಲಿ ವಿಶೇಷಣಗಳೆಲ್ಲ ಮೊದಲು ಬಂದು ಮುಖ್ಯ ನಾಮಪದ ಕೊನೆಗೆ ಬರುತ್ತದೆ. ಆದ್ದರಿಂದ ಕತ್ತರಿ ಬೀಳುವುದು ನೇರವಾಗಿ ಹೆಂಗಸಿನ ಮೇಲೆ. ಬಿಸಿಲು, ಸಗಣಿ, ಅಂಗಳ ಒಳಗೆ ಹೋಗುತ್ತವೆ, ಯಾರ ಚಿತ್ರ ಬೇಕಿತ್ತೋ ಆಕೆ ಹೊರಗುಳಿಯುತ್ತಾಳೆ. ಇಂಗ್ಲಿಷಿನಲ್ಲಿ ಹೆಂಗಸು ಮೊದಲು, ಅಂಗಳ ಆಮೇಲೆ. ಬಾಲ ಕತ್ತರಿಸಿದರೂ ತಲೆ ಉಳಿದಿರುತ್ತದೆ. ಕೆಲವು ತಂತ್ರಾಂಶಗಳು ಉದ್ದದ ಬರಹವನ್ನು 75ರ ಕಂತುಗಳಾಗಿ ಮಾಡಿ ಉಣಿಸುತ್ತವೆ. ಆಗ ಕತ್ತರಿಯ ತೊಂದರೆ ತಪ್ಪುತ್ತದೆ, ಪುಡಿಯ ತೊಂದರೆ ತಪ್ಪುವುದಿಲ್ಲ.

2024ರ ಆಗಸ್ಟಿನಲ್ಲಿ ಬಂದ ‘ಫ್ಲಕ್ಸ್’ ಮಾದರಿಯದು ಇನ್ನೂ ವಿಚಿತ್ರ ಸ್ಥಿತಿ. ಉದ್ದದ ಇಂಗ್ಲಿಷ್ ವಿವರಣೆಯನ್ನು ಅದು ಚೆನ್ನಾಗಿ ಗ್ರಹಿಸುತ್ತದೆ, ಏಕೆಂದರೆ ಕ್ಲಿಪ್ ಜೊತೆಗೆ ಗೂಗಲ್ಲಿನ ‘ಟಿ5’ ಎಂಬ ದೊಡ್ಡ ಓದುಗನನ್ನೂ ಇಟ್ಟುಕೊಂಡಿದೆ. ಆದರೆ ಆ ಟಿ5ನ ಪದಕೋಶ ಇಂಗ್ಲಿಷ್, ಫ್ರೆಂಚ್, ಜರ್ಮನ್, ರೊಮೇನಿಯನ್ ಭಾಷೆಗಳಿಗಾಗಿ ಕಟ್ಟಿದ್ದು. ಕನ್ನಡದ ಅಕ್ಷರಗಳು ಅದರಲ್ಲಿ ಇಲ್ಲವೇ ಇಲ್ಲ. ಗುರುತಿಲ್ಲದ ಅಕ್ಷರ ಕಂಡರೆ ಅದು ‘ಅಪರಿಚಿತ’ ಎಂಬ ಒಂದೇ ಮುದ್ರೆ ಒತ್ತುತ್ತದೆ. ‘ಜೋಳದ ರೊಟ್ಟಿ’ ಎಂದರೆ ಎರಡು ಅಪರಿಚಿತಗಳು. ‘ರಾಗಿ ಮುದ್ದೆ’ ಎಂದರೂ ಎರಡು ಅಪರಿಚಿತಗಳು. ಟಿ5ನ ಕಣ್ಣಿಗೆ ಬಿಜಾಪುರದ ಊಟಕ್ಕೂ ಮಂಡ್ಯದ ಊಟಕ್ಕೂ ವ್ಯತ್ಯಾಸವೇ ಇಲ್ಲ.

ಇಷ್ಟಾದರೂ ಇಂಥ ಮಾದರಿಗಳು ಖಾಲಿ ಹಾಳೆ ಕೊಡುವುದಿಲ್ಲ, ನುಣುಪಾದ ಚಿತ್ರವನ್ನೇ ಕೊಡುತ್ತವೆ. ಮೋಸ ಹೋಗುವುದು ಇಲ್ಲೇ. ಭಾರತದ ಲಿಪಿಯಲ್ಲಿ ಬರೆದದ್ದಕ್ಕೆ ಭಾರತದ್ದೆನ್ನಬಹುದಾದ ಮುಖ, ಬಣ್ಣ, ಬಟ್ಟೆ ಬಂದುಬಿಟ್ಟರೆ ‘ಓಹೋ, ಕನ್ನಡ ಅರ್ಥವಾಗಿದೆ’ ಎನಿಸುತ್ತದೆ. ಲಿಪಿಯ ವಾಸನೆಯಿಂದಲೇ ಹೀಗಾಗಬಲ್ಲದೆಂದು ಜರ್ಮನಿಯ ಸಂಶೋಧಕರ ತಂಡವೊಂದು ತೋರಿಸಿಕೊಟ್ಟಿದೆ. ಇಂಗ್ಲಿಷ್ ವಾಕ್ಯದ ಒಂದೇ ಒಂದು ಅಕ್ಷರ ತೆಗೆದು, ಅದೇ ಆಕಾರದ ಇನ್ನೊಂದು ಲಿಪಿಯ ಅಕ್ಷರವನ್ನು ಅಲ್ಲಿ ಕೂರಿಸಿದರು. ಕಣ್ಣಿಗೆ ವಾಕ್ಯ ಅದೇ. ಆದರೂ ಚಿತ್ರದ ಮುಖಗಳು, ಕಟ್ಟಡಗಳು ಆ ಲಿಪಿಯ ನಾಡಿನ ಕಡೆಗೆ ವಾಲಿದವು. ಅಂದರೆ ಅರ್ಥ ತಲುಪದಿದ್ದರೂ ಲಿಪಿ ಸುಳಿವು ಕೊಡುತ್ತದೆ. ನಿಮ್ಮ ತಂತ್ರಾಂಶಕ್ಕೆ ನಿಜಕ್ಕೂ ಕನ್ನಡ ತಲುಪುತ್ತಿದೆಯೇ ಎಂದು ತಿಳಿಯಲು ಸುಲಭದ ಪರೀಕ್ಷೆ ಇದೆ. ಭಾರತದ ಸೋಂಕಿಲ್ಲದ ವಸ್ತುವೊಂದನ್ನು ಕನ್ನಡದಲ್ಲಿ ಕೇಳಿ: ‘ಹಿಮದ ಮೇಲೆ ನಿಂತ ಮೂರು ಕೆಂಪು ಕುರ್ಚಿಗಳು’. ಹಿಮ, ಮೂರು, ಕೆಂಪು, ಕುರ್ಚಿ ನಾಲ್ಕೂ ಬಂದರೆ ಓದಿದೆ. ಸೀರೆಯುಟ್ಟ ಹೆಂಗಸೋ ದೇವರ ಪಟವೋ ಬಂದರೆ ಓದಿಲ್ಲ.

ಈ ಪರೀಕ್ಷೆಯಲ್ಲಿ ಇವತ್ತಿನ ಜನಪ್ರಿಯ ಆನ್‌ಲೈನ್ ತಂತ್ರಾಂಶಗಳು ಸಾಮಾನ್ಯವಾಗಿ ಪಾಸಾಗುತ್ತವೆ. ಕಾರಣ, ಅವುಗಳ ಬಾಗಿಲಲ್ಲಿ ಕನ್ನಡ ಬಲ್ಲ ಭಾಷಾ ಮಾದರಿಯೊಂದು ಕೂತಿದೆ. 2023ರಲ್ಲಿ ಬಂದ ‘ಡಾಲ್-ಇ 3’ ಈ ಪದ್ಧತಿಯನ್ನು ರೂಢಿಗೆ ತಂದಿತು. ನಾವು ಬರೆದದ್ದು ನೇರವಾಗಿ ಚಿತ್ರದ ಯಂತ್ರಕ್ಕೆ ಹೋಗುವುದಿಲ್ಲ. ನಡುವಿನ ಭಾಷಾ ಮಾದರಿ ಅದನ್ನು ಓದಿ, ಬೆಳೆಸಿ, ತಾನೇ ಉದ್ದದ ವಿವರಣೆಯೊಂದನ್ನು ಬರೆದು ಮುಂದಕ್ಕೆ ದಾಟಿಸುತ್ತದೆ. ಡಾಲ್-ಇ 3ರಲ್ಲಿ ಪ್ರೋಗ್ರಾಮರುಗಳು ಬಳಸುವ ದಾರಿಯಲ್ಲಿ ಹೋದರೆ ಆ ಹೊಸ ಬರಹ `revised_prompt` ಎಂಬ ಹೆಸರಿನಲ್ಲಿ ಚಿತ್ರದ ಜೊತೆಗೇ ವಾಪಸು ಬರುತ್ತಿತ್ತು. 2025ರಲ್ಲಿ ಚಾಟ್‌ಜಿಪಿಟಿ ಮತ್ತು ಜೆಮಿನಿಗಳಲ್ಲಿ ಬಂದ ಹೊಸ ವ್ಯವಸ್ಥೆಗಳಲ್ಲಿ ಭಾಷೆ ಓದುವುದೂ ಚಿತ್ರ ಬಿಡಿಸುವುದೂ ಇನ್ನಷ್ಟು ಹತ್ತಿರವಾಗಿವೆ. ಇಂಥ ಕಡೆ ಕನ್ನಡದಲ್ಲಿ ಬರೆಯಲು ಹಿಂಜರಿಯಬೇಕಿಲ್ಲ. ಧಾರವಾಡದ ಕನ್ನಡ ಬರೆದರೂ ಸಾರ ದಾಟುತ್ತದೆ.

ಆದರೆ ಬಾಗಿಲಲ್ಲಿ ಕೂತವರು ತಮ್ಮದನ್ನೂ ಸೇರಿಸುತ್ತಾರೆ. ‘ರೊಟ್ಟಿ ಬಡಿಯುವ ಹೆಂಗಸು’ ಎಂದಷ್ಟೇ ಬರೆದರೆ ಉಳಿದ ಜಾಗವನ್ನು ಊಹೆಯಿಂದ ತುಂಬುತ್ತಾರೆ. ಕನ್ನಡದಲ್ಲಿ ಕೇಳಿದ್ದಕ್ಕೆ ಆ ಊಹೆ ಹೆಚ್ಚಾಗಿ ಒಂದೇ ದಿಕ್ಕಿಗೆ ಹೋಗುತ್ತದೆ: ಹಳ್ಳಿ, ಮಣ್ಣಿನ ಗೋಡೆ, ಜರಿ ಸೀರೆ, ಮಲ್ಲಿಗೆ ಮಾಲೆ, ಹಿತ್ತಾಳೆ ಪಾತ್ರೆ, ಸಂಜೆಯ ಹೊಂಬಿಸಿಲು. ಹುಬ್ಬಳ್ಳಿಯ ಬಾಡಿಗೆ ಮನೆಯಲ್ಲಿ ನೈಟಿ ಹಾಕಿಕೊಂಡು ಗ್ಯಾಸ್ ಒಲೆಯ ಕಟ್ಟೆಯ ಮೇಲೆ ರೊಟ್ಟಿ ಬಡಿದು ಮಾರುವ ಸಾವಿರಾರು ಹೆಂಗಸರಿದ್ದಾರೆ. ಅವರು ಬರಬೇಕೆಂದರೆ ನಾವೇ ಬಾಯಿಬಿಟ್ಟು ಹೇಳಬೇಕು. ಅದೇ ಮಾತನ್ನು ಇಂಗ್ಲಿಷಿನಲ್ಲಿ ಊರು ಕೇರಿ ಹೇಳದೆ ಬರೆದರೆ ಊಹೆ ಮತ್ತೊಂದು ದಿಕ್ಕಿಗೆ ಹೋಗುತ್ತದೆ. ಚಿತ್ರ ಉತ್ತರ ಭಾರತಕ್ಕೋ ಮೆಕ್ಸಿಕೋದ ಟೊರ್ಟಿಯಾಕ್ಕೋ ಜಾರುತ್ತದೆ. ಎಮ್ಮೆಯನ್ನು ‘ಬಫೆಲೋ’ ಎಂದಷ್ಟೇ ಬರೆದವರಿಗೆ ಅಮೆರಿಕದ ಗಡ್ಡದ ಕಾಡುಕೋಣ ಬಂದು ನಿಲ್ಲುವುದೂ ಇದೇ ಕಾರಣಕ್ಕೆ. ‘ವಾಟರ್ ಬಫೆಲೋ’ ಎಂದರೆ ನಮ್ಮ ಎಮ್ಮೆ ಬರುತ್ತದೆ. ಕನ್ನಡದಲ್ಲಿ ‘ಎಮ್ಮೆ’ ಎಂದರೆ ಈ ತಾಪತ್ರಯವೇ ಇಲ್ಲ.

ಕನ್ನಡದ ವ್ಯಾಕರಣವೂ ಚಿತ್ರವನ್ನು ಬದಲಿಸುತ್ತದೆ. ‘ವೈದ್ಯರು ಮಗುವನ್ನು ಪರೀಕ್ಷಿಸುತ್ತಿದ್ದಾರೆ’ ಎಂದು ಬರೆದಾಗ ನಮ್ಮ ಮನಸ್ಸಿನಲ್ಲಿರುವುದು ಒಬ್ಬರೇ ವೈದ್ಯರು, ಬಹುವಚನ ಗೌರವಕ್ಕೆ. ನಡುವಿನ ಓದುಗನಿಗೆ ಇದು ಒಬ್ಬರೋ ಇಬ್ಬರೋ, ಗಂಡೋ ಹೆಣ್ಣೋ ಎಂಬುದು ವಾಕ್ಯದಿಂದ ಸಿಗುವುದಿಲ್ಲ. ಅದೇ ತೀರ್ಮಾನಿಸುತ್ತದೆ, ರೂಢಿಯಲ್ಲಿ ಹೆಚ್ಚು ಕಂಡದ್ದನ್ನೇ ಆರಿಸುತ್ತದೆ. ಒಬ್ಬರೋ ಇಬ್ಬರೋ ಎಂಬ ಗೊಂದಲ ಮೇಷ್ಟ್ರು, ಪೂಜಾರಿಗಳು, ಅಜ್ಜಿಯವರು, ಅತ್ತೆಯವರು ಎಲ್ಲಕ್ಕೂ ಸಲ್ಲುತ್ತದೆ. ಮಾತಿನಲ್ಲಿ ಮರ್ಯಾದೆ ಬಿಡಬೇಕಿಲ್ಲ. ಆದರೆ ಪ್ರಾಂಪ್ಟಿನಲ್ಲಿ ‘ಒಬ್ಬ ವೈದ್ಯೆ, ವಯಸ್ಸು ಸುಮಾರು 40’ ಎಂದು ಬರೆದರೆ ಗೊಂದಲ ಉಳಿಯುವುದಿಲ್ಲ.

ಇನ್ನು ರೊಟ್ಟಿಗೇ ಬರೋಣ. ಬಾಗಲಕೋಟೆ ಕಡೆಯ ನಮ್ಮ ದೊಡ್ಡಮ್ಮನಿಗೆ ಇಂಥ ಚಿತ್ರವೊಂದನ್ನು ಫೋನಿನಲ್ಲಿ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದವರೇ, “ಇದು ರೊಟ್ಟಿ ಅಲ್ಲಪ್ಪ, ಚಪಾತಿ. ಜ್ವಾಳದ ರೊಟ್ಟಿ ಯಾರರ ಲಟ್ಟಸ್ತಾರೇನು?” ಎಂದರು. ಚಿತ್ರದ ಹೆಂಗಸಿನ ಕೈಯಲ್ಲಿ ಲಟ್ಟಣಿಗೆ ಇತ್ತು. ಕಂದು ಚುಕ್ಕೆಗಳ ಗೋಧಿ ಬಣ್ಣದ ಚಪಾತಿ ತವೆಯ ಮೇಲಿತ್ತು. ತಿಂದು ಬಲ್ಲವರಿಗೆ ಇದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಜೋಳದ ಹಿಟ್ಟಿಗೆ ಗೋಧಿಯ ಅಂಟಿಲ್ಲ, ಅದಕ್ಕೇ ಕುದಿಯುವ ನೀರು ಹೊಯ್ದು ನಾದಬೇಕು, ಅಂಗೈಯಲ್ಲಿ ಬಡಿದು ತಿರುಗಿಸುತ್ತ ಅಗಲ ಮಾಡಬೇಕು. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ಮೇಲ್ಮೈಗೆ ನೀರು ಸವರುತ್ತಾರೆ, ಆಮೇಲೆ ತಿರುವಿ ಹಾಕುತ್ತಾರೆ. ಬಣ್ಣ ಬಿಳಿ. ಯಂತ್ರ ನೋಡಿದ ‘ರೋಟಿ ಮಾಡುವ ಹೆಂಗಸು’ ಚಿತ್ರಗಳಲ್ಲಿ ಹೆಚ್ಚಾಗಿ ಲಟ್ಟಣಿಗೆ ಇದ್ದಿದ್ದರಿಂದ ಆ ಮಾತಿನ ಬೆನ್ನಿಗೇ ಲಟ್ಟಣಿಗೆಯೂ ಬಂದುಬಿಡುತ್ತದೆ.

‘ಲಟ್ಟಣಿಗೆ ಬೇಡ’ ಎಂದು ಇಂಗ್ಲಿಷಿನಲ್ಲಿ ಬರೆದರೂ ಹಳೆಯ ಮಾದರಿಗಳಲ್ಲಿ ಕೆಲಸ ಕೆಡುತ್ತದೆ. ಅವಕ್ಕೆ ‘ಬೇಡ’ ಎಂಬುದು ಹತ್ತುವುದಿಲ್ಲ, ‘ಲಟ್ಟಣಿಗೆ’ ಹತ್ತುತ್ತದೆ. ಬೇಡದ್ದನ್ನು ಬರೆಯಲು ಸ್ಟೇಬಲ್ ಡಿಫ್ಯೂಷನ್ನಿನಲ್ಲಿ ‘ನೆಗೆಟಿವ್ ಪ್ರಾಂಪ್ಟ್’ ಎಂಬ ಬೇರೆ ಖಾನೆ ಇದೆ, ಅಲ್ಲಿ ಬರೆಯಬೇಕು. ಅದಕ್ಕಿಂತ ಫಲ ಕೊಡುವುದು ಹೆಸರು ಬಿಟ್ಟು ಕೈಯನ್ನು ವರ್ಣಿಸುವುದು: ಬೆರಳು ಅಗಲಿಸಿದ ಅಂಗೈ, ಅದರಡಿಯಲ್ಲಿ ತೆಳ್ಳಗಿನ ಬಿಳಿ ದುಂಡು ಹಿಟ್ಟು, ಪಕ್ಕದಲ್ಲಿ ಒದ್ದೆ ಬಟ್ಟೆ. ಕನ್ನಡ ಓದಲಾರದ ಮಾದರಿಗೆ ಅದನ್ನು ಹೀಗೆ ಬರೆಯಬಹುದು, 75 ತುಂಡಿನೊಳಗೆ ಕೂರುತ್ತದೆ:

```
Photo of a woman about 55 sitting on the floor beside a wood-fired stove,
north Karnataka village. Open palm, fingers spread, patting a thin white
round of sorghum dough flat on a stone slab. Iron griddle, wet cloth,
bowl of water. Dark cotton saree, red end with white spire pattern.
```

ಇದರಲ್ಲಿ ‘ಇಳಕಲ್’ ಎಂಬ ಹೆಸರಿಲ್ಲದಿರುವುದನ್ನು ಗಮನಿಸಿ. ಇಳಕಲ್ ಸೀರೆಯ ಗುರುತು ಅದರ ಸೆರಗಿನಲ್ಲಿದೆ. ಕೆಂಪು ನೆಲದ ಮೇಲೆ ಗುಡಿಯ ಗೋಪುರಗಳ ಸಾಲಿನಂತೆ ಬಿಳಿಯ ತೋಪು ತೆನೆ. ಹೆಸರು ಹೇಳಿದರೆ ಯಂತ್ರ ಅದನ್ನು ಗುರುತಿಸಬಹುದು, ಆದರೆ ಆ ಹೆಸರು ಅಂತರ್ಜಾಲದಲ್ಲಿ ಹೆಚ್ಚಾಗಿ ಕಾಣುವುದು ಸೀರೆ ಮಾರುವ ತಾಣಗಳಲ್ಲಿ. ಅಲ್ಲಿ ಸೀರೆ ಉಟ್ಟವರು ರೂಪದರ್ಶಿಗಳು, ಹಿನ್ನೆಲೆ ಬೋಳು ಗೋಡೆ, ಇಸ್ತ್ರಿ ಕೆಡದ ನೆರಿಗೆ. ಹೆಸರಿನ ಜೊತೆಗೆ ಅವೆಲ್ಲವೂ ಒಲೆಯ ಮುಂದೆ ಬಂದು ಕೂರುವ ಸಂಭವ ಹೆಚ್ಚು. ಆದ್ದರಿಂದ ಬಣ್ಣ, ಬಟ್ಟೆ, ವಿನ್ಯಾಸ ಹೇಳಿ ಹೆಸರು ಬಿಡುವುದು ವಾಸಿ. ಆದರೆ ಹೆಸರೇ ಕೆಲಸ ಮಾಡುವ ಜಾಗವೂ ಇದೆ. ಕನ್ನಡದ ಅಡುಗೆ ಬ್ಲಾಗಿನವರು ವರ್ಷಗಟ್ಟಲೆ ತಮ್ಮ ಫೋಟೊಗಳಿಗೆ ರೋಮನ್ ಅಕ್ಷರದಲ್ಲಿ `jolada rotti` ಎಂದು ಅಡಿಬರಹ ಕೊಟ್ಟಿದ್ದಾರೆ. ಇಂಗ್ಲಿಷ್ ಬರಹದ ನಡುವೆ ಇದ್ದದ್ದರಿಂದ ಅಂಥವು ಕಲಿಕೆಯ ರಾಶಿಗೆ ಸೇರುವುದು ಸುಲಭ. ಹಳೆಯ ಮಾದರಿಗಳಲ್ಲಿ ಕನ್ನಡ ಲಿಪಿಯ ‘ಜೋಳದ ರೊಟ್ಟಿ’ಗಿಂತ ರೋಮನ್ ಲಿಪಿಯ ಅದೇ ಹೆಸರಿಗೆ ಗುರಿ ತಲುಪುವ ಅವಕಾಶ ಹೆಚ್ಚು. ತಟ್ಟೆಯಲ್ಲಿ ಬಡಿಸಿಟ್ಟ ರೊಟ್ಟಿಯ ಚಿತ್ರಕ್ಕೆ ಹೆಸರು ಸಾಕಾಗಬಹುದು, ಬಡಿಯುವ ಕೈಗೆ ವರ್ಣನೆ ಬೇಕು.

ಕನ್ನಡ ಬಲ್ಲ ಹೊಸ ತಂತ್ರಾಂಶಗಳಿಗೂ ಇದೇ ಪಾಠ ಸಲ್ಲುತ್ತದೆ. ಅವಕ್ಕೆ ರೊಟ್ಟಿ ಬಡಿಯುವುದೆಂದರೇನು ಎಂದು ಮಾತಿನಲ್ಲಿ ಗೊತ್ತಿರಬಹುದು, ಆದರೆ ಆ ದೃಶ್ಯವನ್ನು ಸಾಕಷ್ಟು ನೋಡಿಲ್ಲದಿದ್ದರೆ ಕೈ ಮತ್ತೆ ಲಟ್ಟಣಿಗೆಯ ಕಡೆಗೇ ಹೋಗುತ್ತದೆ. ಅಂಥಲ್ಲಿ ಮೇಲಿನ ವರ್ಣನೆಯನ್ನು ಕನ್ನಡದಲ್ಲೇ, ಸಣ್ಣ ಸಣ್ಣ ವಾಕ್ಯಗಳಲ್ಲಿ ಬರೆಯಿರಿ: ‘ಸುಮಾರು 55ರ ಹೆಂಗಸು. ಕಟ್ಟಿಗೆ ಒಲೆಯ ಪಕ್ಕ ನೆಲದ ಮೇಲೆ ಕೂತಿದ್ದಾಳೆ. ಬೆರಳು ಅಗಲಿಸಿದ ಅಂಗೈಯಿಂದ ಬಿಳಿ ಹಿಟ್ಟನ್ನು ಕಲ್ಲಿನ ಮೇಲೆ ತೆಳ್ಳಗೆ ಬಡಿಯುತ್ತಿದ್ದಾಳೆ.’ ಮೊದಲ ವಾಕ್ಯದಲ್ಲೇ ಹೆಂಗಸು ಬಂದಾಯಿತು. ಮೂಲ ಕನ್ನಡದ ಓಘಕ್ಕೆ ಇದು ತುಸು ತುಂಡುತುಂಡು ಎನಿಸಿದರೂ ಚಿತ್ರಕ್ಕೆ ಒಳ್ಳೆಯದು.

ಎರಡು ಭಾಷೆಗಳನ್ನು ಹೋಲಿಸಿ ನೋಡುವವರಿಗೆ ಒಂದು ಎಚ್ಚರಿಕೆ. ಒಂದೇ ಪ್ರಾಂಪ್ಟಿಗೂ ಪ್ರತಿ ಸಲ ಬೇರೆ ಚಿತ್ರ ಬರುತ್ತದೆ, ಏಕೆಂದರೆ ಸ್ಟೇಬಲ್ ಡಿಫ್ಯೂಷನ್ನಿನಂಥ ಮಾದರಿಗಳಲ್ಲಿ ಚಿತ್ರ ಶುರುವಾಗುವುದೇ ಯಾದೃಚ್ಛಿಕ ಚುಕ್ಕೆಗಳ ಗೊಜಲಿನಿಂದ. ಆ ಗೊಜಲಿಗೊಂದು ಸಂಖ್ಯೆ ಇದೆ, ಅದನ್ನು ‘ಸೀಡ್’ ಎನ್ನುತ್ತಾರೆ. ಅದನ್ನೂ ಉಳಿದ ಸೆಟ್ಟಿಂಗುಗಳನ್ನೂ ಬದಲಿಸದೆ ಭಾಷೆಯನ್ನಷ್ಟೇ ಬದಲಿಸಿದರೆ ಕಂಡ ವ್ಯತ್ಯಾಸ ಭಾಷೆಯದು. ಸೀಡ್ ಕೈಗೆ ಸಿಗದ ತಂತ್ರಾಂಶಗಳಲ್ಲಿ ಪ್ರತಿ ಭಾಷೆಗೂ ನಾಲ್ಕಾರು ಚಿತ್ರ ತೆಗೆದು, ಎಲ್ಲದರಲ್ಲೂ ಮತ್ತೆ ಮತ್ತೆ ಬಂದದ್ದೇನು ಎಂದು ನೋಡಬೇಕು. ಒಂದೊಂದೇ ಚಿತ್ರ ಇಟ್ಟುಕೊಂಡು ತೀರ್ಪು ಕೊಡಬಾರದು.

ಚಿತ್ರದೊಳಗೆ ಕನ್ನಡ ಅಕ್ಷರ ಬೇಕಾದಾಗ ಮಾತ್ರ ಯಾವ ಭಾಷೆಯಲ್ಲಿ ಕೇಳಿದರೂ ಕಷ್ಟ ತಪ್ಪಿದ್ದಲ್ಲ. ಹೊಸ ಮಾದರಿಗಳು ಸುಧಾರಿಸಿವೆ, ಆದರೂ ಒತ್ತಕ್ಷರಗಳಲ್ಲಿ ಎಡವುತ್ತವೆ. ಅಂಗಡಿಯ ಫಲಕದ ಮೇಲೆ ‘ಕರ್ನಾಟಕ’ ಎಂದು ಬರೆಯಲು ಹೇಳಿ ನೋಡಿ. ಉಚ್ಚಾರದಲ್ಲಿ ‘ನಾ’ಗಿಂತ ಮೊದಲು ಬರುವ ರಕಾರ ಬರಹದಲ್ಲಿ ಅರ್ಕಾವೊತ್ತಾಗಿ ‘ನಾ’ದ ಬಲಕ್ಕೆ ಹೋಗುತ್ತದೆ. ಅದು ಜಾಗದಲ್ಲಿದೆಯೇ ಎಂದು ಮೊದಲು ನೋಡಿ, ಆಮೇಲೆ ಉಳಿದದ್ದು. ದೂರದಿಂದ ಕನ್ನಡದಂತೆಯೇ ಕಂಡು, ಹತ್ತಿರ ಹೋದರೆ ತೆಲುಗೋ ಕನ್ನಡವೋ ಹೇಳಲಾಗದ ಗೀಚುಗಳಿರುತ್ತವೆ. ಮಕ್ಕಳ ಪುಸ್ತಕದಲ್ಲಿ ಇದು ಅಚ್ಚಾಗುವುದು ಸಹಿಸುವಂಥದ್ದಲ್ಲ, ಅಕ್ಷರ ಕಲಿಯುವ ಕಣ್ಣು ಅದನ್ನೂ ಅಕ್ಷರವೆಂದೇ ನಂಬುತ್ತದೆ. ‘ಖಾಲಿ ಫಲಕ’ ಎಂದು ಕೇಳಿ ಪಡೆದು, ಅಕ್ಷರವನ್ನು ಯೂನಿಕೋಡ್ ಫಾಂಟಿನಲ್ಲಿ ಆಮೇಲೆ ಕೂರಿಸುವುದೇ ಸದ್ಯಕ್ಕೆ ಸರಿಯಾದ ದಾರಿ.

ಇಷ್ಟಕ್ಕೂ ಮೂಲ ಕೊರತೆ ಇರುವುದು ಅಡಿಬರಹಗಳಲ್ಲಿ. ನಾವು ದಿನವೂ ಫೋಟೊ ಹಾಕುತ್ತೇವೆ, ಅಡಿಯಲ್ಲಿ ‘ಅಮ್ಮನ ಕೈರುಚಿ’ ಎಂದೋ ಬರೀ ಹೃದಯದ ಗುರುತನ್ನೋ ಹಾಕಿ ಸುಮ್ಮನಾಗುತ್ತೇವೆ. ಅದರಿಂದ ಯಾವ ಯಂತ್ರವೂ ರೊಟ್ಟಿ ಕಲಿಯುವುದಿಲ್ಲ. ವಿಕಿಮೀಡಿಯ ಕಾಮನ್ಸ್ ತಾಣದಲ್ಲಿ ಒಂದೇ ಚಿತ್ರಕ್ಕೆ ಹಲವು ಭಾಷೆಗಳಲ್ಲಿ ಅಡಿಬರಹ ಕೊಡುವ ಸೌಲಭ್ಯವಿದೆ, ಕನ್ನಡಕ್ಕೂ ಇದೆ. ನಿಮ್ಮ ಮನೆಯಲ್ಲಿ ರೊಟ್ಟಿ ಬಡಿಯುವವರಿದ್ದರೆ, ಅವರ ಒಪ್ಪಿಗೆ ಪಡೆದು ಒಂದು ಫೋಟೊ ತೆಗೆದು ಅಲ್ಲಿ ಹಾಕಿ. ‘ಅಂಗೈಯಿಂದ ಜೋಳದ ರೊಟ್ಟಿ ಬಡಿಯುತ್ತಿರುವುದು, ಬಾಗಲಕೋಟೆ ಜಿಲ್ಲೆ’ ಎಂದು ಕನ್ನಡದಲ್ಲೂ ಬರೆಯಿರಿ, ಇಂಗ್ಲಿಷಿನಲ್ಲೂ ಬರೆಯಿರಿ.